ಸಂಶೋಧನಾ ಅಂತರವನ್ನು ಓದಿನಿಂದ ಕಂಡುಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಎಚ್‌ಡಿ, ಎಂಎಡ್ ವಿದ್ಯಾರ್ಥಿಗಳ ಸಿನಾಪ್ಸಿಸ್‌ಗಳನ್ನು ಓದುವಾಗ ನಾನು ಮೊದಲು ತೆರೆಯುವುದು ‘ಸಂಶೋಧನಾ ಅಂತರ’ ಎಂಬ ಪುಟವನ್ನು. ಅಲ್ಲಿ ಹೆಚ್ಚಾಗಿ ಸಿಗುವುದು ಒಂದೇ ವಾಕ್ಯ: ‘ಈ ವಿಷಯದ ಬಗ್ಗೆ ಹೆಚ್ಚಿನ ಸಂಶೋಧನೆ ನಡೆದಿಲ್ಲ.’ ಆ ವಾಕ್ಯದ ಜಾಗದಲ್ಲಿ ಏನು ಬರಬೇಕು, ಅದನ್ನು ಓದಿನಿಂದ ಹೇಗೆ ತೆಗೆಯುವುದು ಎಂದು ಕೇಳಿದವರಿಗೆ ಹೇಳುತ್ತಾ ಬಂದ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಗಾಳಿಯಲ್ಲಿ ಹೇಳಿದರೆ ಇದು ಯಾರಿಗೂ ಹತ್ತುವುದಿಲ್ಲ. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ಒಂದೇ ಉದಾಹರಣೆ ಹಿಡಿದಿದ್ದೇನೆ: ನಮ್ಮ ಮಕ್ಕಳು ಕನ್ನಡ ಓದುವುದನ್ನು ಹೇಗೆ ಕಲಿಯುತ್ತಾರೆ ಎಂಬುದು. ಬೇರೆ ವಿಷಯದವರು ಹೆಜ್ಜೆಗಳನ್ನು ಮಾತ್ರ ಗಮನಿಸಿಕೊಂಡರೆ ಸಾಕು.

‘ಈ ವಿಷಯದಲ್ಲಿ ಸಂಶೋಧನೆ ಕಡಿಮೆ’ ಎಂದರೆ ಏನು ತಪ್ಪು? ಅದು ನಿಜವೇ ಅಲ್ಲವೇ?

ನಿಜವಿರಬಹುದು. ಇಂಗ್ಲಿಷ್ ಓದಿನ ಕಲಿಕೆಯ ಬಗ್ಗೆ ಬಂದ ಪ್ರಬಂಧಗಳ ರಾಶಿಯ ಪಕ್ಕದಲ್ಲಿ ಕನ್ನಡದ್ದು ಒಂದು ಹಿಡಿ. ಆದರೆ ‘ಕಡಿಮೆ’ ಎನ್ನುವುದು ಎಣಿಕೆಯ ಮಾತು. ಗೊತ್ತಿರುವುದು ಯಾವುದು, ಗೊತ್ತಿಲ್ಲದ್ದು ಯಾವುದು, ಗೊತ್ತಿಲ್ಲದಿದ್ದರೆ ಯಾವ ತಿಳಿವಳಿಕೆ ಅರ್ಧಕ್ಕೆ ನಿಂತಿದೆ ಎಂಬ ಮೂರರಲ್ಲಿ ಒಂದನ್ನೂ ಅದು ಹೇಳುವುದಿಲ್ಲ. ನಮ್ಮೂರಿನ 3ನೇ ತರಗತಿಯ ಮಕ್ಕಳ ಚಪ್ಪಲಿಯ ಅಳತೆಗೂ ಓದಿನ ವೇಗಕ್ಕೂ ಇರುವ ಸಂಬಂಧವನ್ನು ಬಹುಶಃ ಯಾರೂ ಅಧ್ಯಯನ ಮಾಡಿಲ್ಲ. ಹಾಗೆಂದು ಅದು ಅಂತರವಾಗುವುದಿಲ್ಲ, ಏಕೆಂದರೆ ಯಾರ ವಿವರಣೆಯೂ ಅದಕ್ಕಾಗಿ ಕಾದು ಕುಳಿತಿಲ್ಲ.

ಇನ್ನೊಂದು ತೊಂದರೆಯೂ ಇದೆ. ‘ಸಂಶೋಧನೆ ಇಲ್ಲ’ ಎಂದವರಲ್ಲಿ ಬಹಳ ಮಂದಿಗೆ ಸಂಶೋಧನೆ ಸಿಕ್ಕಿಲ್ಲ, ಅಷ್ಟೇ. ಕನ್ನಡದ ಓದಿನ ಮೇಲೆ ಏನೂ ಇಲ್ಲ ಎಂದು ಬರೆದ ಸಿನಾಪ್ಸಿಸ್‌ನ ಆಕರಪಟ್ಟಿಯಲ್ಲಿ ಪ್ರತಿಭಾ ಕಾರಂತ, ಪಿ. ಪ್ರಕಾಶ್, ಸೊನಾಲಿ ನಾಗ್ ಅವರ ಹೆಸರುಗಳೇ ಇಲ್ಲದಿದ್ದರೆ, ಪರೀಕ್ಷಕರಿಗೆ ಕಾಣುವುದು ಕ್ಷೇತ್ರದ ಅಂತರವಲ್ಲ, ವಿದ್ಯಾರ್ಥಿಯ ಓದಿನ ಅಂತರ.

ಹಾಗಾದರೆ ನಿಜವಾದ ಅಂತರ ಎಂದರೆ ಯಾವುದು?

ಈಗಾಗಲೇ ಇರುವ ಎರಡು ಮೂರು ಕೆಲಸಗಳನ್ನು ಪಕ್ಕಪಕ್ಕ ಇಟ್ಟಾಗ, ಅವು ಎಲ್ಲವೂ ಸರಿಯಿರಬೇಕಾದರೆ ಉತ್ತರ ಸಿಗಲೇಬೇಕಾದ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಅದಕ್ಕೆ ಉತ್ತರ ಸಿಕ್ಕಿರದಿದ್ದರೆ ಅದು ಅಂತರ. ಅಂದರೆ ಅಂತರ ಇರುವುದು ಪ್ರಬಂಧಗಳ ನಡುವೆ. ಏನೂ ಇಲ್ಲದ ಬಯಲಿನಲ್ಲಿ ಅಂತರವೂ ಇರುವುದಿಲ್ಲ. ಎರಡು ಗೋಡೆ ಇದ್ದರೆ ತಾನೇ ನಡುವಿನ ಜಾಗಕ್ಕೆ ಅಳತೆ ಸಿಗುವುದು?

ನಾನು ಬಳಸುವ ಪರೀಕ್ಷೆ ಚಿಕ್ಕದು. ‘ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ, ಎರಡೂ ನಿಜವಾಗಬೇಕಾದರೆ ಇಂಥದ್ದು ಗೊತ್ತಾಗಬೇಕು’ ಎಂದು ವಿದ್ಯಾರ್ಥಿ ಹೆಸರು ಹಿಡಿದು ಹೇಳಬಲ್ಲರೇ ಎಂದು ನೋಡುತ್ತೇನೆ. ಹೆಸರುಗಳಿಲ್ಲದೆ ಹೇಳಬಹುದಾದ ಅಂತರವನ್ನು ನಾನು ನಂಬುವುದಿಲ್ಲ.

ಓದನ್ನು ಎಲ್ಲಿಂದ ಶುರು ಮಾಡಬೇಕು? ಎಷ್ಟು ಪ್ರಬಂಧ ಓದಬೇಕು?

ಸಂಖ್ಯೆಯ ಹಿಂದೆ ಬೀಳಬೇಡಿ. ಎಲ್ಲರೂ ಉಲ್ಲೇಖಿಸುವ ಮೂರು ನಾಲ್ಕು ಪ್ರಬಂಧಗಳನ್ನು ಪೂರ್ತಿ, ವಿಧಾನದ ಭಾಗವನ್ನೂ ಕೋಷ್ಟಕಗಳನ್ನೂ ಬಿಡದೆ ಓದಿ. ಬರೀ ಸಾರಾಂಶಗಳನ್ನು ಓದಿದವರಿಗೆ ಅಂತರ ಸಿಗುವುದೇ ಇಲ್ಲ. ಸಾರಾಂಶದಲ್ಲಿ ಎಲ್ಲ ಪ್ರಬಂಧಗಳೂ ನುಣುಪಾಗಿರುತ್ತವೆ. ಬಿರುಕು ಕಾಣುವುದು ಯಾವ ಮಕ್ಕಳು, ಯಾವ ತರಗತಿ, ಯಾವ ಪರೀಕ್ಷೆ, ಆ ಪರೀಕ್ಷೆಯಲ್ಲಿ ಯಾವ ಪದಗಳು ಎಂಬಲ್ಲಿ.

ನಮ್ಮ ಉದಾಹರಣೆಯಲ್ಲಿ ಆ ಮೂರು ನಾಲ್ಕು ಪ್ರಬಂಧಗಳು ಹೀಗಿವೆ.

ಇಂಗ್ಲಿಷ್ ಪ್ರಪಂಚದಲ್ಲಿ ಗಟ್ಟಿಯಾಗಿ ಬೇರೂರಿದ ಒಂದು ಮಾತಿದೆ. ಪದದೊಳಗಿನ ಬಿಡಿ ಧ್ವನಿಗಳನ್ನು ಬೇರ್ಪಡಿಸಿ ಹಿಡಿಯುವ ಶಕ್ತಿ, ಅಂದರೆ ಧ್ವನಿಮಾ ಪ್ರಜ್ಞೆ, ಓದು ಕಲಿಯಲು ಅಡಿಪಾಯ ಎಂಬುದು. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನಲ್ 2000ದ ವರದಿಯಲ್ಲಿ ಇದಕ್ಕೆ ದೊಡ್ಡ ಸ್ಥಾನ ಕೊಟ್ಟಿತು. 2008ರಲ್ಲಿ ಡೇವಿಡ್ ಶೇರ್ ಎಂಬ ಸಂಶೋಧಕರು ಇಡೀ ಕ್ಷೇತ್ರವೇ ಇಂಗ್ಲಿಷ್ ಎಂಬ ಅಸಾಮಾನ್ಯ ಬರವಣಿಗೆಯ ಮೇಲೆ ಅತಿಯಾಗಿ ನಿಂತಿದೆ ಎಂದು ಎಚ್ಚರಿಸಿದರು.

ಕನ್ನಡದ ಕಡೆ ಬಂದರೆ, 1993ರಲ್ಲಿ ಪ್ರಕಾಶ್, ರೇಖಾ, ನಿಗಮ್ ಮತ್ತು ಕಾರಂತ ಅವರ ಕೆಲಸ ಪ್ರಕಟವಾಯಿತು. ಭಾರತೀಯ ಲಿಪಿಯನ್ನು ಮಾತ್ರ ಬಲ್ಲವರು ಚೆನ್ನಾಗಿ ಓದುತ್ತಿದ್ದರೂ ಬಿಡಿ ಧ್ವನಿ ತೆಗೆಯುವ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಾರೆ, ಇಂಗ್ಲಿಷ್ ಅಕ್ಷರಮಾಲೆಯನ್ನೂ ಬಲ್ಲವರು ಮುಂದಿರುತ್ತಾರೆ ಎಂಬ ದಿಕ್ಕಿನಲ್ಲಿ ಅದು ವಾದಿಸಿತು. 2007ರಲ್ಲಿ ಸೊನಾಲಿ ನಾಗ್ ಅವರು 1ರಿಂದ 4ನೇ ತರಗತಿಯ ಮಕ್ಕಳನ್ನು ನೋಡಿದರು. ಅಕ್ಷರಜ್ಞಾನ 4ನೇ ತರಗತಿಯಲ್ಲೂ ಬೆಳೆಯುತ್ತಲೇ ಇರುತ್ತದೆ, ಧ್ವನಿಮಾ ಪ್ರಜ್ಞೆ ನಿಧಾನವಾಗಿ ಮೂಡುತ್ತದೆ ಎಂದು ಕಂಡುಕೊಂಡರು. ಮುಂದೆ 2012ರಲ್ಲಿ ನಾಗ್ ಮತ್ತು ಮಾರ್ಗರೆಟ್ ಸ್ನೋಲಿಂಗ್ ಅವರ ಪ್ರಬಂಧದಲ್ಲಿ ಕನ್ನಡದ ಓದಿಗೂ ಧ್ವನಿಮಾ ಪ್ರಜ್ಞೆಗೂ ನಂಟು ಇದೆ ಎಂಬುದು ಕಾಣುತ್ತದೆ.

ಓದುವಾಗ ಏನನ್ನು ಬರೆದುಕೊಳ್ಳಬೇಕು?

‘ಲೇಖಕ, ವರ್ಷ, ಉದ್ದೇಶ, ಮಾದರಿ, ಫಲಿತಾಂಶ’ ಎಂಬ ಐದು ಕಾಲಂಗಳ ಕೋಷ್ಟಕವನ್ನು ಎಲ್ಲರೂ ಮಾಡುತ್ತಾರೆ. ಅದು ಬೇಡವೆನ್ನುವುದಿಲ್ಲ, ಆದರೆ ಅದರಿಂದ ಅಂತರ ಹುಟ್ಟಿದ್ದನ್ನು ನಾನು ನೋಡಿಲ್ಲ. ಅದರ ಪಕ್ಕದಲ್ಲಿ ಇನ್ನೆರಡು ಕಾಲಂ ಹಾಕಿಕೊಳ್ಳಿ.

ಒಂದು, ‘ಈ ಫಲಿತಾಂಶ ನಿಲ್ಲಬೇಕಾದರೆ ಏನೇನು ನಿಜವಾಗಿರಬೇಕು?’ ಇನ್ನೊಂದು, ‘ಇದೇ ಫಲಿತಾಂಶಕ್ಕೆ ಬೇರೆ ಕಾರಣ ಇರಬಹುದೇ?’

1993ರ ಕೆಲಸದ ಎದುರು ಇವನ್ನು ತುಂಬಿ ನೋಡೋಣ. ಇಂಗ್ಲಿಷ್ ಬಲ್ಲವರು ಬಿಡಿ ಧ್ವನಿಯನ್ನು ಚೆನ್ನಾಗಿ ತೆಗೆದರು, ಸರಿ. ಈ ಶಕ್ತಿ ಬಂದದ್ದು ಇಂಗ್ಲಿಷ್ ಅಕ್ಷರಮಾಲೆಯಿಂದ ಎನ್ನಬೇಕಾದರೆ ಕನ್ನಡದ ಬರವಣಿಗೆ ಸ್ವತಃ ಬಿಡಿ ಧ್ವನಿಯನ್ನು ಮಗುವಿನ ಕಣ್ಣಿಗೆ ಹಾಕುವುದಿಲ್ಲ ಎಂಬುದು ನಿಜವಾಗಿರಬೇಕು. ನಿಜವೇ? ‘ಕ’ ಬೇರೆ, ‘ಕಿ’ ಬೇರೆ, ‘ಕು’ ಬೇರೆ. ಗುಡಿಸು, ಕೊಂಬು, ಏತ್ವ ಎಲ್ಲವೂ ಸ್ವರದ ಗುರುತುಗಳೇ. ಕಾಗುಣಿತ ಕಲಿತ ಮಗು ಪ್ರತಿದಿನ ಸ್ವರವನ್ನು ವ್ಯಂಜನದಿಂದ ಬಿಡಿಸಿ ನೋಡುತ್ತಿರುತ್ತದೆ. ಹಾಗಾದರೆ ಧ್ವನಿಮಾ ಪ್ರಜ್ಞೆ ಕನ್ನಡದ ಒಳಗಿನಿಂದಲೇ, ಕಾಗುಣಿತ ಗಟ್ಟಿಯಾದ ಮೇಲೆ, ತಡವಾಗಿ ಹುಟ್ಟಬಹುದು. 2007ರ ‘ನಿಧಾನ’ ಎಂಬ ಫಲಿತಾಂಶಕ್ಕೂ ಇದು ಹೊಂದುತ್ತದೆ.

ಎರಡು ಪ್ರಬಂಧ, ಎರಡು ವಿವರಣೆ. ಇಬ್ಬರ ಫಲಿತಾಂಶವೂ ಎರಡಕ್ಕೂ ಒಗ್ಗುತ್ತದೆ. ಇದು ಕೋಷ್ಟಕದ ಆ ಎರಡು ಕಾಲಂಗಳಿಂದ ಬಂತು. ‘ಫಲಿತಾಂಶ’ ಕಾಲಂ ನೂರು ಸಲ ಓದಿದ್ದರೂ ಬರುತ್ತಿರಲಿಲ್ಲ.

ಪ್ರಬಂಧಗಳು ಭಿನ್ನವಾಗಿ ಹೇಳುತ್ತಿವೆ ಎಂದ ಮೇಲೆ ಅಂತರ ಸಿಕ್ಕಂತಲ್ಲವೇ?

ಇನ್ನೂ ಇಲ್ಲ. ‘ಫಲಿತಾಂಶಗಳಲ್ಲಿ ಒಮ್ಮತವಿಲ್ಲ’ ಎಂದು ಬರೆದು ನಿಲ್ಲಿಸುವುದು ‘ಸಂಶೋಧನೆ ಕಡಿಮೆ’ ಎಂಬುದರ ಅಣ್ಣ. ಒಮ್ಮತ ಏಕಿಲ್ಲ ಎಂಬುದಕ್ಕೆ ಒಂದು ಊಹೆ ಬೇಕು, ಆ ಊಹೆಯನ್ನು ಪರೀಕ್ಷಿಸಲು ಒಂದು ದಾರಿ ಬೇಕು.

ಇಲ್ಲಿ ಕಾಲವನ್ನು ನೋಡಿ. ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರ ಸಾಲಿನಲ್ಲಿ. ಅದಕ್ಕೆ ಮೊದಲು ಸಂಗ್ರಹಿಸಿದ ಮಾಹಿತಿಯಲ್ಲಿ ಕನ್ನಡ ಮಾತ್ರ ಓದುವ ಪುಟ್ಟ ಮಕ್ಕಳು ಸಿಗುತ್ತಿದ್ದರು. ಇವತ್ತು ಅದೇ ಶಾಲೆಯ ಮಗು ‘ಅ ಆ ಇ ಈ’ ಜೊತೆಗೇ ‘ಎ ಬಿ ಸಿ ಡಿ’ ಕಲಿಯುತ್ತದೆ. ಆದ್ದರಿಂದ ಇಂದಿನ ಮಗುವಿನಲ್ಲಿ ಧ್ವನಿಮಾ ಪ್ರಜ್ಞೆ ಕಂಡರೆ ಅದು ಕಾಗುಣಿತದ ಫಲವೋ ಇಂಗ್ಲಿಷ್ ಅಕ್ಷರಗಳ ಫಲವೋ ಹೇಳಲು ಬರುವುದಿಲ್ಲ. ಎರಡೂ ಒಂದೇ ಹಗ್ಗದಲ್ಲಿ ಹೆಣೆದುಕೊಂಡಿವೆ.

ಇಂಗ್ಲಿಷ್ ಬಲ್ಲವರು ಮತ್ತು ಬಾರದವರು ಎಂದು ಎರಡು ಗುಂಪು ಮಾಡಿ ಹೋಲಿಸುವ ಹಳೆಯ ದಾರಿ ಈಗ ಮುಚ್ಚಿದೆ. ಇಂಗ್ಲಿಷ್ ಬಾರದ ಗುಂಪು ಸಿಕ್ಕರೂ ಅವರು ಶಾಲೆಗೆ ಸರಿಯಾಗಿ ಬರದ ಮಕ್ಕಳಾಗಿರುವ ಸಾಧ್ಯತೆ ಹೆಚ್ಚು, ಆಗ ಹೋಲಿಕೆಯೇ ಕೆಡುತ್ತದೆ. ಅಂದರೆ ಒಂದೇ ಮಗುವಿನೊಳಗೆ ಈ ಎರಡು ಕಾರಣಗಳನ್ನು ಬಿಡಿಸುವ ಉಪಾಯ ಬೇಕು. ಈ ಹಂತಕ್ಕೆ ಬಂದಾಗ ನಮ್ಮ ಅಂತರಕ್ಕೆ ರೂಪ ಬರತೊಡಗುತ್ತದೆ.

ಆ ಉಪಾಯವೂ ಓದಿನಿಂದಲೇ ಬರಬೇಕೇ?

ಓದಿನಿಂದ, ಜೊತೆಗೆ ನಿಮಗೆ ಗೊತ್ತಿರುವ ನೆಲದಿಂದ. ನನಗೆ ಈ ಭಾಗ ಬಹಳ ಪ್ರಿಯ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಭಾರತೀಯ ಲಿಪಿಗಳ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಬಹುಪಾಲು ವಿವರಣೆಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ‘ವ್ಯಂಜನಾಕ್ಷರದಲ್ಲಿ ಅಕಾರ ಅಡಗಿರುತ್ತದೆ, ಅದಕ್ಕೆ ಪ್ರತ್ಯೇಕ ಚಿಹ್ನೆ ಇಲ್ಲ.’ ದೇವನಾಗರಿಗೆ ಇದು ಸರಿ. ಆದರೆ ನಮ್ಮ ಶಾಲೆಯಲ್ಲಿ ಕಾಗುಣಿತ ಹೇಳಿಸುವುದನ್ನು ನೆನಪಿಸಿಕೊಳ್ಳಿ. ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ.’ ನಮ್ಮ ಮೇಷ್ಟ್ರಿಗೆ ಅಕಾರಕ್ಕೂ ಚಿಹ್ನೆ ಇದೆ, ಅದರ ಹೆಸರು ತಲೆಕಟ್ಟು. ‘ಕಿ’ ಬರೆಯುವಾಗ ಆ ತಲೆಕಟ್ಟು ಹೋಗಿ ಅದರ ಜಾಗದಲ್ಲಿ ಗುಡಿಸು ಬರುತ್ತದೆ.

ಇನ್ನೂ ಕುತೂಹಲದ ಸಂಗತಿ ಎಂದರೆ ಎಲ್ಲ ಅಕ್ಷರಕ್ಕೂ ತಲೆಕಟ್ಟಿಲ್ಲ. ಮ, ಕ, ಗ, ಸ, ಪ, ನ ಇವಕ್ಕೆ ಇದೆ. ಬ, ಜ, ಲ, ಟ, ಣ, ಖ ಇವಕ್ಕೆ ಇಲ್ಲ. ಅಂದರೆ ಒಂದೇ ಲಿಪಿಯೊಳಗೆ, ಒಂದೇ ಅಕಾರ, ಕೆಲವು ಅಕ್ಷರಗಳಲ್ಲಿ ಕಣ್ಣಿಗೆ ಕಾಣುತ್ತದೆ, ಕೆಲವದರಲ್ಲಿ ಕಾಣುವುದಿಲ್ಲ. ಪ್ರಯೋಗ ಮಾಡುವವರು ಕಷ್ಟಪಟ್ಟು ಹುಟ್ಟಿಸಬೇಕಾದ ವ್ಯತ್ಯಾಸವನ್ನು ಲಿಪಿಯೇ ಕೈಗೆ ಕೊಟ್ಟಿದೆ.

ಈಗ ಎರಡು ವಿವರಣೆಗಳನ್ನು ಇದರ ಮುಂದೆ ನಿಲ್ಲಿಸಿ. ಮಗುವಿನ ಧ್ವನಿಮಾ ಪ್ರಜ್ಞೆ ಕನ್ನಡ ಅಕ್ಷರದಿಂದ ಬಂದಿದ್ದರೆ, ಸ್ವರ ಕಣ್ಣಿಗೆ ಕಾಣುವ ಕಡೆ ಅದನ್ನು ಬಿಡಿಸುವುದು ಸುಲಭವಾಗಬೇಕು. ‘ಮರ’ದಿಂದ ಮೊದಲ ಮ್ ತೆಗೆದು ‘ಅರ’ ಎನ್ನುವುದು, ‘ಬರ’ದಿಂದ ಬ್ ತೆಗೆದು ‘ಅರ’ ಎನ್ನುವುದಕ್ಕಿಂತ ಸುಲಭ ಎಂದಾಗಬೇಕು. ಇಂಗ್ಲಿಷ್ ಅಕ್ಷರಮಾಲೆಯಿಂದ ಬಂದಿದ್ದರೆ ಇಂಥ ವ್ಯತ್ಯಾಸಕ್ಕೆ ಕಾರಣವೇ ಇಲ್ಲ, ಏಕೆಂದರೆ `ma`, `ba` ಎರಡರಲ್ಲೂ `a` ಒಂದೇ ಥರ ಕಾಣುತ್ತದೆ.

ಬರಹ ಕಿವಿಯ ಮೇಲೆ ಹೀಗೆ ಪ್ರಭಾವ ಬೀರುತ್ತದೆಯೇ ಎಂಬ ಅನುಮಾನ ಬರುವುದು ಸಹಜ. ಅದಕ್ಕೂ ಓದಿನಲ್ಲಿ ಆಧಾರವಿದೆ. 1980ರಲ್ಲಿ ಲಿನ್ನಿಯಾ ಎಹ್ರಿ ಮತ್ತು ಲೀ ವಿಲ್ಸ್ ಅವರು ಇಂಗ್ಲಿಷ್ ಓದುವ ಮಕ್ಕಳನ್ನು `pitch`, `rich` ಎಂಬ ಪದಗಳಲ್ಲಿ ಎಷ್ಟು ಧ್ವನಿ ಇವೆ ಎಂದು ಎಣಿಸಲು ಕೇಳಿದರು. ಎರಡರ ಕೊನೆಯೂ ಕಿವಿಗೆ ಒಂದೇ. ಆದರೂ ಮಕ್ಕಳಿಗೆ `pitch`ನಲ್ಲಿ ಒಂದು ಧ್ವನಿ ಹೆಚ್ಚು ‘ಕೇಳಿಸಿತು’, ಬರವಣಿಗೆಯಲ್ಲಿ ಆ `t` ಇರುವುದರಿಂದ.

ಇಷ್ಟು ಸಿಕ್ಕರೆ ‘ಅಂತರ ಸಿಕ್ಕಿತು’ ಎಂದು ಬರೆದುಬಿಡಬಹುದೇ?

ಈಗ ಇದು ಉಮೇದುವಾರ ಮಾತ್ರ. ಇನ್ನು ಅದನ್ನು ಬೀಳಿಸಲು ನೀವೇ ಪ್ರಯತ್ನಿಸಬೇಕು, ಎರಡು ಕಡೆಯಿಂದ. ಒಂದು, ಯಾರಾದರೂ ಈಗಾಗಲೇ ಮಾಡಿದ್ದಾರೆಯೇ ಎಂದು ಹುಡುಕುವುದು. ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ. ಇನ್ನೊಂದು, ಊಹೆಯ ತರ್ಕದಲ್ಲೇ ತೂತಿದೆಯೇ ಎಂದು ನೋಡುವುದು.

ತೂತು ಇದೆ. ಮ್ ಧ್ವನಿಯನ್ನು ‘ಮ್ಮ್ಮ್’ ಎಂದು ಎಳೆಯಬಹುದು, ಬ್ ಅನ್ನು ಎಳೆಯಲಾಗದು. ಎಳೆಯಬಹುದಾದ ಧ್ವನಿಯನ್ನು ಬೇರ್ಪಡಿಸುವುದು ಹೇಗೂ ಸುಲಭ, ತಲೆಕಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಮ ಬಿಟ್ಟು ಪ ತೆಗೆದುಕೊಂಡರೆ? ಪ, ಬ ಎರಡೂ ತುಟಿ ಮುಚ್ಚಿ ಬಿಡುವ ಧ್ವನಿಗಳು, ಪಕ್ಕಾ ಜೋಡಿ. ಆದರೆ ನಲಿಕಲಿ ತರಗತಿಗಳಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಪ ಬರುವುದು ಅದರ ನಂತರ. ಮೊದಲ ಗುಂಪಿನ ವ್ಯಂಜನಗಳೆಲ್ಲಕ್ಕೂ ತಲೆಕಟ್ಟಿದೆ ಎಂಬುದನ್ನು ಗಮನಿಸಿ. ಈ ಮಕ್ಕಳಲ್ಲಿ ತಲೆಕಟ್ಟಿನ ಅಕ್ಷರ ಸುಲಭವೆಂದು ಕಂಡರೆ, ಮೊದಲು ಕಲಿತಿದ್ದರಿಂದ ಸುಲಭವೋ, ಚಿಹ್ನೆ ಕಂಡಿದ್ದರಿಂದ ಸುಲಭವೋ ತಿಳಿಯದು.

ಪರಿಹಾರ ಹೀಗೆ ಹೊಳೆಯುತ್ತದೆ: ಒಂದೇ ಗುಂಪಿನಲ್ಲಿ ಕಲಿಸುವ ಮ ಮತ್ತು ಬ ಜೋಡಿಯನ್ನೇ ಇಟ್ಟುಕೊಳ್ಳಿ, ಆದರೆ ಜೊತೆಗೆ ‘ಮಿ’ ಮತ್ತು ‘ಬಿ’ಯಿಂದ ಶುರುವಾಗುವ ಪದಗಳನ್ನೂ ಕೊಡಿ. ಮಿ, ಬಿ ಎರಡಕ್ಕೂ ಗುಡಿಸು ಕಾಣುತ್ತದೆ. ಅಲ್ಲೂ ಮ್ ಅಷ್ಟೇ ಸುಲಭವಾದರೆ ಕಾರಣ ಎಳೆಯುವಿಕೆ. ಅಕಾರದ ಪದಗಳಲ್ಲಿ ವ್ಯತ್ಯಾಸ ದೊಡ್ಡದಾಗಿ, ಇಕಾರದವುಗಳಲ್ಲಿ ಚಿಕ್ಕದಾಗಿ ಬಂದರೆ ಮಾತ್ರ ತಲೆಕಟ್ಟಿನ ಮಾತು ಎತ್ತಬಹುದು. ಒಂದೇ ಜೋಡಿಯ ಮೇಲೆ ನಿಲ್ಲದೆ ಜ–ವ, ಜ–ನ ಜೋಡಿಗಳನ್ನೂ ಸೇರಿಸಬೇಕು.

‘ಇದು ವಿಧಾನದ ಅಧ್ಯಾಯದ ಕೆಲಸವಲ್ಲವೇ, ಅಂತರದ ಪುಟದಲ್ಲಿ ಏಕೆ’ ಎಂದು ಕೆಲವರು ಕೇಳುತ್ತಾರೆ. ಪರೀಕ್ಷಿಸಲು ದಾರಿಯೇ ಇಲ್ಲದ ಪ್ರಶ್ನೆಯನ್ನು ಅಂತರವೆಂದು ಹೊತ್ತುಕೊಂಡು ಮೂರು ವರ್ಷ ಕಳೆದವರನ್ನು ನೋಡಿದ್ದೇನೆ. ಆ ಸಂಕಟ ಯಾರಿಗೂ ಬೇಡ. ದಾರಿ ಇದೆಯೆಂದು ಮೊದಲೇ ಗೊತ್ತಾಗಿರಲಿ.

ಯಾರೂ ಮಾಡಿಲ್ಲ ಎಂದು ಹೇಗೆ ಹುಡುಕುವುದು?

ಇಲ್ಲಿ ಹೆಚ್ಚಿನವರು ಎಡವುವುದು ಪದಗಳಲ್ಲಿ. `Kannada reading` ಎಂದು ಟೈಪ್ ಮಾಡಿ ಎರಡು ಪುಟ ನೋಡಿ ‘ಏನೂ ಇಲ್ಲ’ ಎನ್ನುತ್ತಾರೆ. ನಮ್ಮ ಲಿಪಿಯ ಬಗೆಯನ್ನು ಬೇರೆ ಬೇರೆ ಗುಂಪಿನ ಸಂಶೋಧಕರು ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ. ಇಷ್ಟನ್ನಾದರೂ ಹುಡುಕಬೇಕು:

```
akshara
aksara
alphasyllabary
alphasyllabic
abugida
Indic script reading
```

ಒಂದು ಉದಾಹರಣೆ ಕೊಡುತ್ತೇನೆ. ಕಂಧಡೈ ಮತ್ತು ಸ್ಪ್ರೋಟ್ ಎಂಬವರ 2010ರ ಪ್ರಬಂಧವೊಂದಿದೆ. ಅಕ್ಷರದೊಳಗೆ ಚಿಹ್ನೆಗಳು ಕುಳಿತ ಸ್ಥಾನ ಧ್ವನಿಮಾ ಪ್ರಜ್ಞೆಯ ಮೇಲೆ ಏನು ಪರಿಣಾಮ ಮಾಡುತ್ತದೆ ಎಂಬುದೇ ಅದರ ವಿಷಯ. ನಮ್ಮ ಪ್ರಶ್ನೆಗೆ ಇಷ್ಟು ಹತ್ತಿರದ ಈ ಪ್ರಬಂಧದ ಶೀರ್ಷಿಕೆಯಲ್ಲಿ ‘ಕನ್ನಡ’ ಎಂಬ ಪದವೂ ಇಲ್ಲ, ‘ಅಕ್ಷರ’ ಎಂಬ ಪದವೂ ಇಲ್ಲ. ಇರುವುದು `alphasyllabic` ಮತ್ತು `Indic`. ಹಾಗೆಯೇ 2002ರಲ್ಲಿ ವೈದ್ ಮತ್ತು ಗುಪ್ತಾ ಅವರು ದೇವನಾಗರಿಯ ಹ್ರಸ್ವ ಇಕಾರದ ಬಗ್ಗೆ ಕೆಲಸ ಮಾಡಿದ್ದಾರೆ. ಆ ಚಿಹ್ನೆ ವ್ಯಂಜನಕ್ಕಿಂತ ಮೊದಲು ಬರೆದು ಅದರ ನಂತರ ಉಚ್ಚರಿಸುವಂಥದ್ದು. ಅವರ ಶೀರ್ಷಿಕೆಯಲ್ಲಿ `semi-alphabetic` ಎಂದಿದೆ. ಪದಗಳ ಬಲೆಗೆ ಇದು ಸಿಗುವುದಿಲ್ಲ.

ಆದ್ದರಿಂದ ಪದಗಳ ಜೊತೆಗೆ ಉಲ್ಲೇಖದ ದಾರಿ ಹಿಡಿಯಿರಿ. ಗೂಗಲ್ ಸ್ಕಾಲರ್‌ನಲ್ಲಿ 2007ರ ನಾಗ್ ಪ್ರಬಂಧದ ಕೆಳಗೆ `Cited by` ಒತ್ತಿದರೆ ಆಮೇಲೆ ಅದನ್ನು ಉಲ್ಲೇಖಿಸಿದವರೆಲ್ಲ ಸಿಗುತ್ತಾರೆ. ಅಲ್ಲೇ `Search within citing articles` ಎಂಬ ಗುರುತಿನ ಚೌಕ ಇದೆ, ಅದಕ್ಕೆ ಗುರುತು ಹಾಕಿ, ಹುಡುಕುವ ಜಾಗದಲ್ಲಿ `vowel` ಅಥವಾ `phoneme` ಬರೆದು ಜರಡಿ ಹಿಡಿಯಿರಿ. ನಮ್ಮ ವಿಶ್ವವಿದ್ಯಾಲಯಗಳ ಪ್ರೌಢಪ್ರಬಂಧಗಳಿಗೆ ಶೋಧಗಂಗಾ ನೋಡಲೇಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ ಇವುಗಳ ಗ್ರಂಥಾಲಯಗಳಿಗೆ ಒಮ್ಮೆ ಖುದ್ದಾಗಿ ಹೋಗಿ ಬನ್ನಿ. ವಾಕ್ ಶ್ರವಣದ ವಿದ್ಯಾರ್ಥಿಗಳ ಸ್ನಾತಕೋತ್ತರ ಪ್ರಬಂಧಗಳಲ್ಲಿ ಕನ್ನಡ ಮಕ್ಕಳ ಮೇಲಿನ ಕೆಲಸ ಬಹಳ ಇರುತ್ತದೆ. ಶಿಕ್ಷಣ ವಿಭಾಗದವರು ಆ ಕಡೆ ತಲೆಹಾಕುವುದೇ ಅಪರೂಪ.

ಯಾವಾಗ ನಿಲ್ಲಿಸಬೇಕೆಂದರೆ, ಹೊಸ ಪ್ರಬಂಧ ತೆರೆದಾಗ ಅದರ ಆಕರಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಸಂಬಂಧಪಟ್ಟ ಹೆಸರು ಒಂದೂ ಸಿಗದಿದ್ದಾಗ. ಹುಡುಕಿದ ಪದ, ಜಾಗ, ದಿನಾಂಕ ಬರೆದಿಟ್ಟುಕೊಳ್ಳಿ. ‘ನನಗೆ ಸಿಗಲಿಲ್ಲ’ ಎನ್ನುವಾಗ ಎಲ್ಲಿ ಹುಡುಕಿದಿರಿ ಎಂದು ತೋರಿಸಲು ಬೇಕಾಗುತ್ತದೆ.

ಹುಡುಕುವಾಗ ನನ್ನ ಪ್ರಶ್ನೆಗೆ ಉತ್ತರ ಸಿಕ್ಕೇಬಿಟ್ಟರೆ?

ಒಂದು ದಿನ ಬೇಜಾರಾಗುತ್ತದೆ. ಆಮೇಲೆ ಆ ಪ್ರಬಂಧವನ್ನು ಕೋಷ್ಟಕದಲ್ಲಿ ಹಾಕಿ, ಮೇಲೆ ಹೇಳಿದ ಎರಡು ಕಾಲಂ ತುಂಬಿಸಿ. ಅವರು ನೋಡಿದ್ದು ವಯಸ್ಕರನ್ನೋ ಮಕ್ಕಳನ್ನೋ? ಅಕ್ಷರದ ಸ್ಥಾನವನ್ನೋ, ಚಿಹ್ನೆ ಇರುವಿಕೆಯನ್ನೋ? ಹತ್ತಿರದ ಕೆಲಸ ಸಿಕ್ಕಷ್ಟೂ ನಿಮ್ಮ ಪ್ರಶ್ನೆ ಚೂಪಾಗುತ್ತದೆ. ಪೂರ್ತಿ ಅದೇ ಕೆಲಸವಾಗಿದ್ದರೆ ಬಿಟ್ಟುಬಿಡಿ. ಮುಚ್ಚಿಡುವುದು ಮಾತ್ರ ಬೇಡ.

ಪ್ರಬಂಧಗಳ ಕೊನೆಯ ‘ಮುಂದಿನ ಸಂಶೋಧನೆಗೆ ಸಲಹೆಗಳು’ ಭಾಗದಿಂದ ಎತ್ತಿಕೊಳ್ಳಬಹುದೇ?

ಸುಳಿವಾಗಿ ಓದಿ, ಆಧಾರವಾಗಿ ಬೇಡ. ‘ದೊಡ್ಡ ಮಾದರಿಯಲ್ಲಿ, ಬೇರೆ ಜಿಲ್ಲೆಗಳಲ್ಲಿ ಮಾಡಬಹುದು’ ಎಂಬ ಸಲಹೆ ಎಲ್ಲದಕ್ಕೂ ಹೊಂದುತ್ತದೆ. ಅದಕ್ಕಿಂತ ಮಿತಿಗಳ ಭಾಗವೂ, ಚರ್ಚೆಯಲ್ಲಿ ಲೇಖಕರು ‘ಇದು ಪ್ರಾಯಶಃ ಈ ಕಾರಣದಿಂದ ಇರಬಹುದು’ ಎಂದು ಅರ್ಧ ಧ್ವನಿಯಲ್ಲಿ ಹೇಳಿದ ಸಾಲುಗಳೂ ಬೆಲೆಯುಳ್ಳವು. ಆ ‘ಇರಬಹುದು’ ಎಂಬುದರ ಕೆಳಗೆ ಗೆರೆ ಎಳೆಯಿರಿ. ಲೇಖಕರು ಪರೀಕ್ಷಿಸದೆ ಬಿಟ್ಟ ಜಾಗ ಅದು.

‘ನಮ್ಮ ಜಿಲ್ಲೆಯಲ್ಲಿ ಇಂಥ ಅಧ್ಯಯನ ನಡೆದಿಲ್ಲ’ ಎಂಬುದು ಅಂತರವಲ್ಲವೇ?

ಜಿಲ್ಲೆ ಬದಲಾದರೆ ಉತ್ತರ ಏಕೆ ಬದಲಾಗಬೇಕು ಎಂದು ಹೇಳಲು ಬಂದರೆ ಹೌದು. ‘ಬೆಂಗಳೂರಿನಲ್ಲಿ ಆಗಿದೆ, ರಾಯಚೂರಿನಲ್ಲಿ ಆಗಿಲ್ಲ’ ಎಂದಷ್ಟೇ ಆದರೆ ಅದು ಭೂಪಟದ ಖಾಲಿ ಜಾಗ.

ಮಂಗಳೂರಿನ ಕಡೆ ಮನೆಯಲ್ಲಿ ತುಳು ಮಾತನಾಡುವ ಮಗುವನ್ನು ಯೋಚಿಸಿ. ತುಳುವಿನ ಎಷ್ಟೋ ಪದಗಳ ಕೊನೆಯಲ್ಲಿ ತುಟಿ ದುಂಡಾಗದ, ಉಕಾರದ ಹಾಗಿರುವ ಒಂದು ಸ್ವರವಿದೆ. ಕನ್ನಡ ವರ್ಣಮಾಲೆಯಲ್ಲಿ ಅದಕ್ಕೆ ಸ್ವಂತ ಚಿಹ್ನೆ ಇಲ್ಲ. ಚಿಹ್ನೆಯಿಂದ ಧ್ವನಿಯ ಅರಿವು ಬರುತ್ತದೆ ಎಂಬುದು ನಮ್ಮ ಊಹೆಯಾದರೆ, ದಿನವೂ ಆಡುವ ಆದರೆ ಬರೆಯಲು ಕಲಿಯದ ಈ ಸ್ವರವನ್ನು ಆ ಮಗು ಹೇಗೆ ಹಿಡಿಯುತ್ತದೆ? ಇಲ್ಲಿ ದಕ್ಷಿಣ ಕನ್ನಡಕ್ಕೆ ಹೋಗಲು ಕಾರಣವಿದೆ. ಊರು ಇಲ್ಲಿ ವಿಳಾಸವಾಗಿ ಬಂದಿಲ್ಲ, ವಾದದ ಒಂದು ತುಂಡಾಗಿ ಬಂದಿದೆ.

ಕೊನೆಗೆ ಸಿನಾಪ್ಸಿಸ್‌ನಲ್ಲಿ ಇದನ್ನು ಹೇಗೆ ಬರೆಯುವುದು?

ಅರ್ಧ ಪುಟ ಸಾಕು. ಮೇಲಿನ ಉದಾಹರಣೆಯನ್ನು ನಾನು ಹೀಗೆ ಬರೆಯುತ್ತೇನೆ:

‘ಕನ್ನಡ ಓದುವ ಮಕ್ಕಳಲ್ಲಿ ಧ್ವನಿಮಾ ಪ್ರಜ್ಞೆ ನಿಧಾನವಾಗಿ ಮೂಡುತ್ತದೆ ಎಂದು ನಾಗ್ (2007) ತೋರಿಸಿದ್ದಾರೆ. ಅದರ ಮೂಲದ ಬಗ್ಗೆ ಎರಡು ವಿವರಣೆಗಳು ಸಾಧ್ಯ. ಪ್ರಕಾಶ್ ಮತ್ತು ಇತರರ (1993) ವಾದದಂತೆ ಅದು ಇಂಗ್ಲಿಷ್ ಅಕ್ಷರಮಾಲೆಯ ಪರಿಚಯದಿಂದ ಬರಬಹುದು. ಅಥವಾ ಸ್ವರಚಿಹ್ನೆಗಳನ್ನು ಬಿಡಿಯಾಗಿ ತೋರಿಸುವ ಕನ್ನಡ ಲಿಪಿಯಿಂದಲೇ ಬರಬಹುದು. 2007-08ರಿಂದ 1ನೇ ತರಗತಿಯಲ್ಲೇ ಇಂಗ್ಲಿಷ್ ಇರುವುದರಿಂದ ಗುಂಪುಗಳ ಹೋಲಿಕೆಯಿಂದ ಇವೆರಡನ್ನು ಬೇರ್ಪಡಿಸುವುದು ಈಗ ಕಷ್ಟ. ಅಕಾರಕ್ಕೆ ತಲೆಕಟ್ಟು ಕೆಲವು ಕನ್ನಡ ಅಕ್ಷರಗಳಲ್ಲಿ ಇದ್ದು ಕೆಲವದರಲ್ಲಿ ಇಲ್ಲದಿರುವುದು ಒಂದೇ ಮಗುವಿನಲ್ಲಿ ಈ ಹೋಲಿಕೆಯನ್ನು ಸಾಧ್ಯವಾಗಿಸುತ್ತದೆ. ಈ ಅಧ್ಯಯನ ಅದನ್ನು ಬಳಸಿಕೊಳ್ಳುತ್ತದೆ.’

ಇದರಲ್ಲಿ ‘ಕಡಿಮೆ’, ‘ವಿರಳ’, ‘ಇದೇ ಮೊದಲು’ ಎಂಬ ಪದಗಳು ಒಂದೂ ಇಲ್ಲ, ಅವುಗಳ ಅಗತ್ಯ ಬೀಳಲಿಲ್ಲ. ಹುಡುಕಾಟದ ವಿವರವನ್ನು ಅನುಬಂಧದಲ್ಲಿ ಹಾಕಿ.

ಗೈಡ್ ‘ಇದು ತೀರಾ ಸಣ್ಣ ವಿಷಯವಾಯಿತು’ ಎಂದರೆ?

ಅವರ ಜೊತೆ ವಾದಕ್ಕಿಳಿಯದೆ, ‘ಸರ್, ಉತ್ತರ ಹೀಗೆ ಬಂದರೆ 1993ರ ವಾದಕ್ಕೆ ಏನಾಗುತ್ತದೆ, ಹಾಗೆ ಬಂದರೆ ಏನಾಗುತ್ತದೆ’ ಎಂದು ಎರಡು ಸಾಲು ಬರೆದು ತೋರಿಸಿ. ಪ್ರಶ್ನೆ ಸಣ್ಣದಾಗಿದ್ದು ಅದು ತಾಗುವ ವಾದ ದೊಡ್ಡದಾಗಿದ್ದರೆ ಹೆಚ್ಚಿನ ಗೈಡ್‌ಗಳು ಒಪ್ಪುತ್ತಾರೆ. ಆ ಎರಡು ಸಾಲು ಬರೆಯಲು ನಿಮಗೇ ಆಗದಿದ್ದರೆ ಅವರ ಮಾತಿನಲ್ಲಿ ಸತ್ಯವಿದೆ.

ಅಧ್ಯಯನ ಮಾಡಿದ ಮೇಲೆ ಯಾವ ವ್ಯತ್ಯಾಸವೂ ಕಾಣದಿದ್ದರೆ ಅಂತರ ಸುಳ್ಳಾಯಿತೇ?

ಇಲ್ಲ. ಮ–ಬ ನಡುವೆ ತಲೆಕಟ್ಟಿನಿಂದ ವ್ಯತ್ಯಾಸವಿಲ್ಲ ಎಂದು ಬಂತು ಎಂದಿಟ್ಟುಕೊಳ್ಳಿ. ಆಗ ಮೊದಲು ಪರೀಕ್ಷೆ ತೀರಾ ಸುಲಭವೋ ತೀರಾ ಕಷ್ಟವೋ ಆಗಿತ್ತೇ ನೋಡಬೇಕು. ಎಲ್ಲ ಮಕ್ಕಳೂ ಎಲ್ಲವನ್ನೂ ಸರಿ ಹೇಳಿದ್ದರೆ, ಅಥವಾ ಎಲ್ಲರೂ ತಪ್ಪಿದ್ದರೆ, ಆ ಫಲಿತಾಂಶ ಏನನ್ನೂ ಹೇಳುವುದಿಲ್ಲ. ಇದನ್ನು ತಪ್ಪಿಸಲು ಹತ್ತಿಪ್ಪತ್ತು ಮಕ್ಕಳ ಮೇಲೆ ಮೊದಲೇ ಪರೀಕ್ಷೆ ನಡೆಸಿ, ಯಾವ ತರಗತಿಯಲ್ಲಿ ಅರ್ಧದಷ್ಟು ಸರಿ, ಅರ್ಧದಷ್ಟು ತಪ್ಪು ಬರುತ್ತದೆ ಎಂದು ಕಂಡುಕೊಂಡಿರಬೇಕು. ಪರೀಕ್ಷೆ ಸರಿಯಾಗಿದ್ದೂ ವ್ಯತ್ಯಾಸ ಇಲ್ಲವೆಂದಾದರೆ ಎರಡು ದಾರಿ ತೆರೆಯುತ್ತವೆ. ಅಕ್ಷರದ ಚಿಹ್ನೆಯಿಂದ ಧ್ವನಿಯ ಅರಿವು ಎಂಬ ವಿವರಣೆಗೆ ಬಲ ಕಡಿಮೆಯಾಯಿತು, ಅಥವಾ ಮಕ್ಕಳು ತಲೆಕಟ್ಟನ್ನು ಸ್ವರದ ಚಿಹ್ನೆ ಎಂದು ನೋಡುತ್ತಲೇ ಇಲ್ಲ. ‘ಕು’ವಿನಲ್ಲಿ ಅಕಾರ ಇಲ್ಲದಿದ್ದರೂ ತಲೆಕಟ್ಟು ಉಳಿದೇ ಇರುತ್ತದೆ, ನೋಡಿ. ಮೇಷ್ಟ್ರು ಅದನ್ನು ಸ್ವರದ ಚಿಹ್ನೆ ಎಂದು ಹೇಳಿಕೊಟ್ಟರೂ ಮಗುವಿನ ಕಣ್ಣಿಗೆ ಅದು ಅಕ್ಷರದ ದೇಹದ ಭಾಗವಾಗಿಯೇ ಕಂಡಿರಬಹುದು. ಹಾಗಿದ್ದರೆ ಮುಂದಿನ ಸಲ ಮಗುವಿಗೆ ಬಿಡಿ ತಲೆಕಟ್ಟನ್ನು ಕಾರ್ಡಿನ ಮೇಲೆ ಬರೆದು ತೋರಿಸಿ ‘ಇದು ಏನು ಹೇಳುತ್ತದೆ, ಪುಟ್ಟಾ?’ ಎಂದು ಕೇಳುವುದರಿಂದ ಶುರು ಮಾಡಬೇಕಾಗುತ್ತದೆ.